ಅರ್ಧ ಹಣ ಎಲ್ಲಿ ಹೋಯಿತು?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಂದು ಸಂಜೆ ಇಂಗ್ಲಿಷ್ ಕಾಗದವೊಂದನ್ನು ಹಿಡಿದು ಮನೆಗೆ ಬಂದರು. ಹೆಂಡತಿಯ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಆಸ್ಪತ್ರೆಯಲ್ಲಿ 1,66,000 ರೂಪಾಯಿ ಕಟ್ಟಿ, ಬಿಲ್ಲುಗಳನ್ನೆಲ್ಲ ವಿಮಾ ಕಂಪನಿಗೆ ಕಳಿಸಿದ್ದರು. ಖಾತೆಗೆ ಬಂದದ್ದು 80,000. “ಮೂರು ಲಕ್ಷದ ಪಾಲಿಸಿ. ಖರ್ಚಿನ ಅರ್ಧವೂ ಬರಲಿಲ್ಲವಲ್ಲ, ಏನು ಬರೆದಿದ್ದಾರೆ ನೋಡಪ್ಪ” ಎಂದರು.

ಇಂಥ ಸೆಟ್ಲ್‌ಮೆಂಟ್ ಲೆಟರ್‌ನಲ್ಲಿ ನಾವು ಕೇಳಿದ್ದೆಷ್ಟು, ಅವರು ಕಳೆದದ್ದೆಷ್ಟು, ಕೊಟ್ಟದ್ದೆಷ್ಟು ಎಂಬ ಪಟ್ಟಿಯಿರುತ್ತದೆ. ಪಕ್ಕದ ‘ರಿಮಾರ್ಕ್ಸ್’ ಕಾಲಮ್ಮಿನಲ್ಲಿ ಕಾರಣ ಇರುತ್ತದೆ. ಮೊದಲು ಓದಬೇಕಾದದ್ದು ಅದನ್ನೇ. ಮೇಷ್ಟ್ರ ಕಾಗದದಲ್ಲಿ ಎರಡು ಕಾರಣಗಳಿದ್ದವು.

ಮೊದಲನೆಯದು ‘ನಾನ್-ಪೇಯಬಲ್ ಐಟಮ್ಸ್’, 6,000 ರೂಪಾಯಿ. ಕೈಗವಸು, ನೋಂದಣಿ ಶುಲ್ಕದಂಥ ಬಾಬ್ತುಗಳವು. ಪಾಲಿಸಿಯ ಕೊನೆಯಲ್ಲಿ ಅವುಗಳ ಪಟ್ಟಿಯೇ ಇತ್ತು. ಅಲ್ಲಿ ವಾದಿಸಲು ಏನೂ ಇರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಎರಡನೆಯದರಿಂದ: ‘ಪ್ರಪೋರ್ಷನೇಟ್ ಡಿಡಕ್ಷನ್’, 80,000 ರೂಪಾಯಿ. ಎಂದರೆ ಕೋಣೆ ಬಾಡಿಗೆಯ ಅನುಪಾತದಲ್ಲಿ ಕಡಿತ. ಮೇಷ್ಟ್ರ ಪಾಲಿಸಿಯಲ್ಲಿ ಕೋಣೆಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 3,000 ರೂಪಾಯಿಯ ಮಿತಿ ಇತ್ತು. ಅವರು ಹಿಡಿದದ್ದು 6,000ದ ಕೋಣೆ. ಹೆಚ್ಚಾದ ಬಾಡಿಗೆಯನ್ನಷ್ಟೇ ಕೈಯಿಂದ ಕೊಟ್ಟರೆ ಆಯಿತು ಎಂದುಕೊಂಡಿದ್ದರು. ಬಹಳ ಜನ ಹಾಗೇ ತಿಳಿದಿರುತ್ತಾರೆ. ಆದರೆ ಅನೇಕ ಆಸ್ಪತ್ರೆಗಳಲ್ಲಿ ಕೋಣೆ ದುಬಾರಿಯಾದಂತೆ ವೈದ್ಯರ ಮತ್ತು ಥಿಯೇಟರಿನ ಶುಲ್ಕವೂ ಏರುತ್ತದೆ. ಆದ್ದರಿಂದ ಅರ್ಹತೆ ಅರ್ಧವಾದರೆ ಆ ಶುಲ್ಕಗಳನ್ನೂ ಕಂಪನಿ ಅರ್ಧಕ್ಕಿಳಿಸುತ್ತದೆ.

ಇಲ್ಲಿಯವರೆಗೆ ಅದು ಪಾಲಿಸಿಯ ಪ್ರಕಾರವೇ. ಆದರೆ ಎಲ್ಲವನ್ನೂ ಅರ್ಧ ಮಾಡುವಂತಿಲ್ಲ. ಔಷಧಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ದೇಹದೊಳಗೆ ಕೂರಿಸುವ ಸಾಧನ, ಐಸಿಯು ಶುಲ್ಕ ಇವುಗಳಿಗೆ ಈ ಅನುಪಾತ ಅನ್ವಯಿಸಬಾರದೆಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಸೂಚಿಸಿದೆ. ಎಲ್ಲ ಕೋಣೆಗಳಿಗೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಬೇರೆ ಶುಲ್ಕಗಳಿಗೂ ಈ ಕಡಿತ ಸಲ್ಲದು. ಹಾಗಿದ್ದರೆ ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಳ್ಳಬೇಕು.

ಮೇಷ್ಟ್ರೂ ನಾನೂ ಬಿಲ್ಲನ್ನು ಬಿಡಿಸಿ ಬರೆದೆವು. ನಾಲ್ಕು ದಿನದ ಬಾಡಿಗೆ 24,000; ಅದರಲ್ಲಿ ಸಲ್ಲುವುದು 12,000. ಸರ್ಜನ್, ಅರಿವಳಿಕೆ, ಥಿಯೇಟರ್ ಸೇರಿ 80,000. ಆ ಆಸ್ಪತ್ರೆಯ ದರ ಕೋಣೆಗೆ ತಕ್ಕಂತೆ ಬದಲಾಗುತ್ತಿತ್ತು, ಹಾಗಾಗಿ 40,000. ಔಷಧಿಯ 38,000 ಮತ್ತು ಪರೀಕ್ಷೆಗಳ 18,000 ಪೂರ್ತಿ ಬರಬೇಕು. ಒಟ್ಟು 1,08,000. ಕಂಪನಿ ಔಷಧಿ, ಪರೀಕ್ಷೆಗಳನ್ನೂ ಅರ್ಧ ಮಾಡಿತ್ತು. ಇನ್ನೂ 28,000 ರೂಪಾಯಿ ಬರಬೇಕಿತ್ತು.

ಕೆಲವರ ಕಾಗದದಲ್ಲಿ ಇಡೀ ಕ್ಲೇಮು ‘ರೆಪ್ಯುಡಿಯೇಟೆಡ್’ ಎಂದಿರುತ್ತದೆ, ಅಂದರೆ ಪೂರ್ತಿ ನಿರಾಕರಣೆ. ಜೊತೆಗೆ ‘ನಾನ್-ಡಿಸ್‌ಕ್ಲೋಷರ್ ಆಫ್ ಪಿಇಡಿ’ ಎಂದಿದ್ದರೆ, ಮೊದಲೇ ಇದ್ದ ಕಾಯಿಲೆಯನ್ನು ಪಾಲಿಸಿ ಕೊಳ್ಳುವಾಗ ಮುಚ್ಚಿಟ್ಟಿರಿ ಎಂಬ ಆರೋಪ. ಆಗ ಪಾಲಿಸಿ ಸತತವಾಗಿ ಎಷ್ಟು ವರ್ಷ ನಡೆದಿದೆ ನೋಡಿ. 60 ತಿಂಗಳು ತುಂಬಿದ್ದರೆ, ವಂಚನೆ ಸಾಬೀತಾಗದ ಹೊರತು ಈ ಕಾರಣಕ್ಕೆ ನಿರಾಕರಿಸುವಂತಿಲ್ಲ. ಆದರೆ ವಿಮಾ ಮೊತ್ತವನ್ನು ನಡುವೆ ಹೆಚ್ಚಿಸಿದ್ದರೆ, ಹೆಚ್ಚಿದ ಭಾಗಕ್ಕೆ ಲೆಕ್ಕ ಅಂದಿನಿಂದಲೇ ಶುರು.

ಮುಂದಿನ ಹೆಜ್ಜೆ ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ ಲಿಖಿತ ದೂರು. ಫೋನಿನಲ್ಲಿ ಆಡಿದ ಮಾತು ದಾಖಲೆಯಾಗಿ ನಿಮ್ಮ ಕೈಗೆ ಸಿಗುವುದಿಲ್ಲ. ಕ್ಲೇಮ್ ಸಂಖ್ಯೆ, ನಿಮ್ಮ ಲೆಕ್ಕ, ಪಾಲಿಸಿಯ ಯಾವ ಷರತ್ತಿನಡಿ ಕಳೆದಿರಿ ಎಂಬ ಪ್ರಶ್ನೆ, ಇಷ್ಟಿದ್ದರೆ ಸಾಕು. ಎರಡು ವಾರದಲ್ಲಿ ಅವರು ಪರಿಹರಿಸಬೇಕು. ಐಆರ್‌ಡಿಎಐನ ಬಿಮಾ ಭರೋಸಾ ತಾಣ bimabharosa.irdai.gov.in ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು.

ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರದ ತೀರ್ಪು ಕೊಡಬಹುದು, ಅದಕ್ಕೆ ಕಂಪನಿ ಬದ್ಧ. ಅದೇ ವಿಷಯ ಗ್ರಾಹಕರ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಮಾತ್ರ ಅವರು ಕೈಗೆತ್ತಿಕೊಳ್ಳುವುದಿಲ್ಲ.

ಮೇಷ್ಟ್ರು ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಲೆಕ್ಕದ ಹಾಳೆ ಕಳಿಸಿದ ಹನ್ನೆರಡನೇ ದಿನ 28,000 ಖಾತೆಗೆ ಬಂತು. ನಿಮ್ಮಲ್ಲೂ ಇಂಥ ಕಾಗದವಿದ್ದರೆ ಅದರ ಮೇಲಿನ ತಾರೀಖನ್ನು ಇಂದೇ ನೋಡಿ. ಕಂಪನಿ ನಿಮ್ಮ ದೂರನ್ನು ತಳ್ಳಿಹಾಕಿದ ಮೇಲೆ ಓಂಬುಡ್ಸ್‌ಮನ್ ಬಳಿ ಹೋಗಲು ಇರುವುದು ಒಂದು ವರ್ಷ.