ಗೆರೆ ಬಿದ್ದ ಪರದೆ: ದೋಷ ಡ್ರೈವರಿನದೋ, ಕೇಬಲ್ಲಿನದೋ?

ಲ್ಯಾಪ್‌ಟಾಪ್ ಪರದೆಯಲ್ಲಿ ಗೆರೆ ಮೂಡಿದರೆ, ಡ್ರೈವರ್ ಅಳಿಸುವ ಮೊದಲು ರೀಸ್ಟಾರ್ಟ್ ಮಾಡಿ ಬಯಾಸ್ ಪುಟ ತೆರೆಯಿರಿ. ಅದಕ್ಕೆ F2 ಅಥವಾ Delete, ಕಂಪನಿಗೊಂದು ಕೀಲಿ. ಅಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಅದರ ಡ್ರೈವರೂ ಇರುವುದಿಲ್ಲ. ಗೆರೆ ಅಲ್ಲೂ ಕಂಡರೆ ದೋಷ ಹಾರ್ಡ್‌ವೇರ್‌ನದು.

ಆಗ ಪರದೆಯನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಿ. ಒಂದು ಕೋನದಲ್ಲಿ ಗೆರೆ ಮಾಯವಾಗಿ ಇನ್ನೊಂದರಲ್ಲಿ ಮರಳಿದರೆ, ಹಿಂಜ್ ಬಳಿ ಹಾದುಹೋಗುವ ಕೇಬಲ್ ಸವೆದಿರಬೇಕು, ಇಲ್ಲವೇ ಅದರ ಕನೆಕ್ಟರ್ ಸಡಿಲಾಗಿರಬೇಕು. ಎಷ್ಟು ಬಾಗಿಸಿದರೂ ಕದಲದ ಉದ್ದಗೆರೆ ಸಾಮಾನ್ಯವಾಗಿ ಪ್ಯಾನಲ್‌ನದು. ಹೊರಗಿನ ಮಾನಿಟರ್‌ನಲ್ಲೂ ಅದೇ ಗೆರೆ ಬಂದರೆ ಗ್ರಾಫಿಕ್ಸ್ ಚಿಪ್ಪನ್ನು ಅನುಮಾನಿಸಿ.

ಬಯಾಸ್‌ನಲ್ಲಿ ಕೆಲ ನಿಮಿಷ ಕಾಯಿರಿ. ಸಡಿಲ ಕೇಬಲ್ ಆಗಾಗ ಸುಮ್ಮನಿರುತ್ತದೆ. ಬಾಗಿಸಿದರೂ ಅಲ್ಲಿ ಪರದೆ ಸ್ವಚ್ಛವಾಗಿದ್ದು, ವಿಂಡೋಸ್‌ನಲ್ಲಷ್ಟೇ ಮಿನುಗಿದರೆ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಿ ನೋಡಿ.