ಮನೆಗಳು ಸರಿ, ಮನೆಗಾಳು?

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ತುಂಬಿ, ಅದರಲ್ಲಿಲ್ಲದ ಪದಗಳ ಕೆಳಗೆ ಕೆಂಪು ಗೆರೆ ಎಳೆಯಲು ಹೇಳಿದೆವು ಎನ್ನೋಣ. ದಿನಪತ್ರಿಕೆಯ ಯಾವ ಪುಟವನ್ನು ಕೊಟ್ಟರೂ ಅದರ ಬಹುಪಾಲು ಕೆಂಪಾಗುತ್ತದೆ. ನಿಘಂಟಿನಲ್ಲಿ ‘ಶಾಲೆ’ ಇದೆ, ‘ಶಾಲೆಗಳಿಂದಲೂ’ ಇಲ್ಲ. ‘ಬರು’ ಇದೆ, ‘ಬರುತ್ತಿದ್ದಳಂತೆ’ ಇಲ್ಲ. ನಾವು ಬರೆಯುವುದು ನಿಘಂಟಿನ ಪದಗಳನ್ನಲ್ಲ, ಅವುಗಳಿಂದ ಹುಟ್ಟಿದ ರೂಪಗಳನ್ನು.

ಹಾಗಾದರೆ ರೂಪಗಳನ್ನೆಲ್ಲ ಪಟ್ಟಿ ಮಾಡಿಬಿಡಬಾರದೇ? ಲೆಕ್ಕ ಹಾಕಿ ನೋಡೋಣ. ಒಂದು ನಾಮಪದಕ್ಕೆ ಎರಡು ವಚನ, ಏಳು ವಿಭಕ್ತಿ ಎಂದರೆ 14 ರೂಪ. ಪ್ರತಿಯೊಂದರ ಕೊನೆಗೂ ಊ, ಏ, ಓ, ಆ ಸೇರಬಹುದು, ಸೇರದೆಯೂ ಇರಬಹುದು; ಅಲ್ಲಿಗೆ 70. ಐವತ್ತು ಸಾವಿರ ನಾಮಪದಗಳಿದ್ದರೆ 35 ಲಕ್ಷ ರೂಪಗಳು. ಇಂದಿನ ಕಂಪ್ಯೂಟರಿಗೆ ಇದು ಭಾರವಲ್ಲ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ‘ಶಾಲೆಯಲ್ಲಿ’ ಎಂಬುದರ ಬೆನ್ನಿಗೆ ‘ಇಲ್ಲ’, ‘ಇದ್ದ’, ‘ಇರುವ’, ‘ಆದರೂ’ ಅಂಟಿಕೊಳ್ಳುತ್ತವೆ. ಅವಕ್ಕೆ ಮತ್ತೆ ಪ್ರತ್ಯಯಗಳು ಅಂಟುತ್ತವೆ. ಪಟ್ಟಿಗೆ ಕೊನೆಯೇ ಇರುವುದಿಲ್ಲ.

ಹಂಗೇರಿಯವರದೂ ಇದೇ ಪಾಡು. ಅವರ ಭಾಷೆಯಲ್ಲೂ ಪ್ರತ್ಯಯಗಳು ಒಂದರ ಮೇಲೊಂದು ಕೂರುತ್ತವೆ. ಅದಕ್ಕಾಗಿ ಲಾಸ್ಲೋ ನೇಮೆತ್ ಕಟ್ಟಿದ ಹನ್‌ಸ್ಪೆಲ್ ಎಂಬ ತಂತ್ರಾಂಶವೇ ಈಗ ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳಲ್ಲಿ ಕಾಗುಣಿತ ನೋಡುತ್ತದೆ. ಅದಕ್ಕೆ ಎರಡು ಕಡತಗಳು ಬೇಕು. ಒಂದರಲ್ಲಿ ಮೂಲಪದಗಳಿರುತ್ತವೆ, ಪ್ರತಿ ಪದದ ಮುಂದೆ ಅದರ ಗುಂಪಿನ ಗುರುತಿರುತ್ತದೆ. ಇನ್ನೊಂದರಲ್ಲಿ ಪ್ರತಿ ಗುಂಪಿಗೂ ಪ್ರತ್ಯಯ ಹತ್ತುವ ನಿಯಮಗಳಿರುತ್ತವೆ: ಪದದ ಕೊನೆಯಿಂದ ಏನನ್ನು ತೆಗೆಯಬೇಕು, ಏನನ್ನು ಸೇರಿಸಬೇಕು, ಪದ ಯಾವ ಅಕ್ಷರದಲ್ಲಿ ಮುಗಿದಿದ್ದರೆ ಹಾಗೆ ಮಾಡಬೇಕು.

ಕನ್ನಡದಲ್ಲಿ ಈ ಗುಂಪು ಮಾಡುವ ಕೆಲಸವೇ ದೊಡ್ಡದು. ‘ಊರು’, ‘ಗುರು’ ಎರಡೂ ಉಕಾರದಲ್ಲಿ ಮುಗಿಯುತ್ತವೆ. ಆದರೆ ‘ಅನ್ನು’ ಸೇರಿದಾಗ ಒಂದು ‘ಊರನ್ನು’ ಆಗುತ್ತದೆ, ಮತ್ತೊಂದು ‘ಗುರುವನ್ನು’. ಮೊದಲನೆಯದು ಲೋಪ, ಎರಡನೆಯದು ವಕಾರಾಗಮ. ಇದಕ್ಕೊಂದು ಕಾರಣವಿದೆ. ಊರು, ನಾಡು, ಕಣ್ಣು, ಹೆಸರು ಇವುಗಳ ಕೊನೆಯ ಉಕಾರ ಉಚ್ಚಾರಣೆಯ ಅನುಕೂಲಕ್ಕೆ ಬಂದದ್ದು, ಸ್ವರ ಎದುರಾದೊಡನೆ ಬಿದ್ದುಹೋಗುತ್ತದೆ. ಗುರು, ಹಸು, ಕರು, ಮಗು ಇಂಥ ಎರಡು ಹ್ರಸ್ವಾಕ್ಷರಗಳ ಪದಗಳಲ್ಲಿ ಅದು ಪದದ್ದೇ ಭಾಗ, ಉಳಿದುಕೊಳ್ಳುತ್ತದೆ. ಅಕ್ಷರ ಎಣಿಸಿ ಗುಂಪು ಮಾಡಬಹುದಲ್ಲ ಎನ್ನಿಸುವಷ್ಟರಲ್ಲಿ ಸಂಸ್ಕೃತದಿಂದ ಬಂದ ‘ವಸ್ತು’, ‘ಸಾಧು’ ಅಡ್ಡ ಬರುತ್ತವೆ. ಅವು ದೀರ್ಘವೋ ಒತ್ತಕ್ಷರವೋ ಇದ್ದರೂ ‘ವಸ್ತುವನ್ನು’, ‘ಸಾಧುವನ್ನು’ ಎಂದೇ ಆಗುತ್ತವೆ. ಇಂಗ್ಲಿಷಿನಿಂದ ಬಂದ ‘ಕಾರು’, ‘ಬಸ್ಸು’ ಮಾತ್ರ ಊರಿನ ದಾರಿ ಹಿಡಿಯುತ್ತವೆ. ಆದ್ದರಿಂದ ನಿಯಮ ಊಹಿಸಲು ನೆರವಾಗುತ್ತದೆಯೇ ಹೊರತು, ಪ್ರತಿ ಪದಕ್ಕೂ ಕನ್ನಡ ಬಲ್ಲವರೊಬ್ಬರು ಗುರುತು ಹಾಕಲೇಬೇಕು:

```
# ನಿಯಮಗಳ ಕಡತ
SET UTF-8
SFX A Y 2
SFX A ು ನ್ನು ು
SFX A ು ಿನ ು
SFX B Y 2
SFX B 0 ವನ್ನು ು
SFX B 0 ವಿನ ು
```

```
4
ಊರು/A
ಕಾರು/A
ಗುರು/B
ವಸ್ತು/B
```

ಗುರುತು ತಪ್ಪಿದರೆ ಪರೀಕ್ಷಕವು ‘ಊರುವನ್ನು’, ‘ವಸ್ತನ್ನು’ ಎಂಬವನ್ನು ಸರಿಯೆಂದು ಬಿಡುತ್ತದೆ. ಅಕಾರದಲ್ಲಿ ಮುಗಿಯುವ ಪದಗಳಿಗೆ ಲಿಂಗವೂ ಬೇಕು. ‘ಕಮಲ’ ಹೂವಾದರೆ ಕಮಲದ, ಕಮಲಕ್ಕೆ. ಹೆಣ್ಣುಮಗಳ ಹೆಸರಾದರೆ ಕಮಲಳ, ಕಮಲಳಿಗೆ. ಅಂಥ ಪದಕ್ಕೆ ಎರಡು ಗುರುತು.

ಹನ್‌ಸ್ಪೆಲ್‌ಗೆ ಒಂದು ಮಿತಿಯಿದೆ. ಪದದ ಕೊನೆಯಿಂದ ಅದು ಎರಡು ಪದರ ಪ್ರತ್ಯಯಗಳನ್ನಷ್ಟೇ ಬಿಚ್ಚಬಲ್ಲದು. ‘ಊರುಗಳಲ್ಲಿಯೂ’ ಎಂಬಲ್ಲಿಯೇ ಗಳು, ಅಲ್ಲಿ, ಊ ಎಂದು ಮೂರಾಯಿತು. ‘ಗಳಲ್ಲಿ’ಯನ್ನು ಒಂದೇ ಪ್ರತ್ಯಯವೆಂದು ಬರೆದು ದಾಟಬಹುದು. ಕ್ರಿಯಾಪದಗಳಿಗೆ ಬಂದಾಗ ಈ ಉಪಾಯ ಸಾಲದು. ಫಿನ್‌ಲೆಂಡಿನ ಕಿಮ್ಮೊ ಕೊಸ್ಕೆನ್ನಿಯೆಮಿ 1983ರಲ್ಲಿ ಫಿನ್ನಿಷ್ ಭಾಷೆಗಾಗಿ ರೂಪಿಸಿದ ವಿಧಾನ ಇಲ್ಲಿ ಹೆಚ್ಚು ಹೊಂದುತ್ತದೆ. ಅದರಲ್ಲಿ ಯಾವ ತುಂಡಿನ ನಂತರ ಯಾವುದು ಬರಬಹುದು ಎಂಬುದು ಒಂದು ಕಡೆ, ಎರಡು ತುಂಡು ಕೂಡುವಲ್ಲಿ ಧ್ವನಿ ಹೇಗೆ ಬದಲಾಗುತ್ತದೆ ಎಂಬುದು ಇನ್ನೊಂದು ಕಡೆ. ಪದರಗಳಿಗೆ ಲೆಕ್ಕವಿಲ್ಲ. ಸಂಧಿಯನ್ನು ಪ್ರತಿ ಪ್ರತ್ಯಯಕ್ಕೂ ಬೇರೆ ಬೇರೆಯಾಗಿ ಬರೆಯುವ ಕಷ್ಟವೂ ಇಲ್ಲ.

‘ಶಾಲೆಯಲ್ಲಿಲ್ಲದವರಿಗೂ’ ಎಂಬ ಪದವನ್ನು ಈ ಯಂತ್ರಕ್ಕೆ ಕೊಟ್ಟು ನೋಡೋಣ. ಕೊನೆಯ ‘ಗೂ’ ಎಂಬುದು ಗೆ ಮತ್ತು ಊ ಕೂಡಿ ಆದದ್ದು, ನಡುವಿನ ಎಕಾರ ಲೋಪ. ಅದನ್ನು ಮರಳಿಸಿದರೆ ‘ಶಾಲೆಯಲ್ಲಿಲ್ಲದವರಿಗೆ’. ಹಿಂದೆ ಸರಿದರೆ ‘ಅವರಿಗೆ’ ಸಿಗುತ್ತದೆ. ‘ಇಲ್ಲದ’ ಎಂಬುದರ ಅಕಾರ ಬಿದ್ದು ಅದು ಕೂಡಿದೆ. ಇನ್ನುಳಿದದ್ದು ‘ಶಾಲೆಯಲ್ಲ್’ ಎಂಬ ಅರೆಬರೆ ತುಂಡು, ಮುಂದೆ ‘ಇಲ್ಲದ’. ಬಿದ್ದುಹೋದ ಸ್ವರ ಯಾವುದು? ಇ ಎಂದುಕೊಂಡರೆ ‘ಶಾಲೆಯಲ್ಲಿ’, ಅ ಎಂದುಕೊಂಡರೆ ‘ಶಾಲೆಯಲ್ಲ’. ಎರಡೂ ಕನ್ನಡದ ರೂಪಗಳೇ. ಅರ್ಥ ಹೇಳಬೇಕಾದ ಯಂತ್ರ ಇಲ್ಲಿ ನಿಂತು ಯೋಚಿಸಬೇಕು. ಕಾಗುಣಿತ ನೋಡುವ ಯಂತ್ರಕ್ಕೆ ಆ ಚಿಂತೆಯಿಲ್ಲ, ಸಲ್ಲುವ ಒಂದು ದಾರಿ ಸಿಕ್ಕರೆ ಸಾಕು.

ಒಂದು ದಾರಿ ಸಿಕ್ಕರೆ ಸಾಕು ಎಂಬ ಈ ಸಲೀಸೇ ಸಮಾಸಗಳಲ್ಲಿ ಮುಳುವಾಗುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಹೂ ಮತ್ತು ತೋಟ ಸೇರಿ ಹೂದೋಟ, ಮನೆ ಮತ್ತು ಕೆಲಸ ಸೇರಿ ಮನೆಗೆಲಸ. ಎರಡನೆಯ ಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಬರುವ ಆದೇಶ ಸಂಧಿ ಇದು. ‘ಯಾವ ಎರಡು ನಾಮಪದಗಳೂ ಹೀಗೆ ಕೂಡಬಹುದು’ ಎಂದು ಒಂದೇ ಸಾಲಿನ ನಿಯಮ ಬರೆದೆವು ಎನ್ನಿ. ಈಗ ಯಾರೋ ‘ಮನೆಗಳು’ ಎಂದು ಬೆರಳಚ್ಚಿಸಲು ಹೋಗಿ, ಕೈತಪ್ಪಿ ದೀರ್ಘವೊಂದು ಸೇರಿ ‘ಮನೆಗಾಳು’ ಆಯಿತು. ಪರೀಕ್ಷಕ ಅದನ್ನು ಮನೆ ಮತ್ತು ಕಾಳು ಎಂದು ಬಿಡಿಸಿ, ಆದೇಶ ಸಂಧಿಯೆಂದು ಒಪ್ಪಿಕೊಳ್ಳುತ್ತದೆ. ಆದೇಶದ ನಿಯಮ ತೆಗೆದುಹಾಕಿದರೂ ತಪ್ಪಲಿಲ್ಲ: ‘ಮನೆಗೆ’ ಮತ್ತು ‘ಆಳು’ ಲೋಪ ಸಂಧಿಯಲ್ಲಿ ಕೂಡಿದರೂ ಅದೇ ಬರುತ್ತದೆ. ಬರೆಯುವವರ ಮನಸ್ಸಿನಲ್ಲಿ ಕಾಳೂ ಇರಲಿಲ್ಲ, ಆಳೂ ಇರಲಿಲ್ಲ. ವ್ಯಾಕರಣ ಒಪ್ಪಿದ ದಾರಿಯಲ್ಲೇ ತಪ್ಪು ನುಸುಳಿತು.

ಹದಿಮೂರನೆಯ ಶತಮಾನದ ಕೇಶಿರಾಜನಿಂದ ಇಂದಿನ ಶಾಲಾ ವ್ಯಾಕರಣದವರೆಗೆ ಸಂಧಿ ನಿಯಮಗಳು ನಮಗೆ ಸಿಕ್ಕಿರುವುದು ಇರುವ ಪದಗಳನ್ನು ವಿವರಿಸಲು. ಅವನ್ನೇ ಹೊಸ ಪದ ಹುಟ್ಟಿಸುವ ಯಂತ್ರವಾಗಿ ಓಡಿಸಿದರೆ ಅಡ್ಡಾದಿಡ್ಡಿ ಬೆಳೆ ಬರುತ್ತದೆ. ಮಳೆಗಾಲ, ಚಳಿಗಾಲ ಎನ್ನುವ ನಾವು ‘ಬೇಸಿಗೆಗಾಲ’ ಎನ್ನುವುದಿಲ್ಲ. ಆದ್ದರಿಂದ ಆದೇಶ ಸಂಧಿಯ ಸಮಾಸಗಳನ್ನು ಇಡಿಯಾಗಿ ಪದಕೋಶಕ್ಕೇ ಸೇರಿಸುವುದು ಮೇಲು. ಆಮೇಲೆ ‘ಮಳೆಗಾಲದಲ್ಲಿಯೂ’ ಎಂಬುದು ಉಳಿದ ನಾಮಪದಗಳಂತೆಯೇ ನಡೆದುಕೊಳ್ಳುತ್ತದೆ. ಸೂರ್ಯೋದಯ, ಗ್ರಂಥಾಲಯದಂಥ ಸಂಸ್ಕೃತ ಸಂಧಿಯ ಪದಗಳಿಗೂ ಇದೇ ವ್ಯವಸ್ಥೆ. ಲೋಪ, ಆಗಮಗಳನ್ನು ಮಾತ್ರ ನಿಯಮವಾಗಿ ತೆರೆದಿಡಬೇಕು. ಅಲ್ಲಿಯೂ ಎರಡನೆಯ ಪದ ಯಾವುದಾದರೂ ಆಗಬಹುದು ಎನ್ನದೆ ಇಲ್ಲ, ಅಲ್ಲ, ಇದೆ, ಆಗು, ಎಂದು, ಎಲ್ಲ, ಒಂದು, ಅಷ್ಟು, ಅವರು ಮೊದಲಾದ ಒಂದು ಮುಚ್ಚಿದ ಪಟ್ಟಿಯನ್ನಷ್ಟೇ ಬಿಡಬೇಕು. ಬರಹದಲ್ಲಿ ಹೆಚ್ಚಾಗಿ ಅಂಟಿಕೊಳ್ಳುವುದು ಇವೇ. ಆಗ ‘ಆಳು’ ಅಂಟುವುದಿಲ್ಲ, ‘ಮನೆಗಾಳು’ ಕೆಂಪಾಗುತ್ತದೆ.

ಇದಕ್ಕೊಂದು ಬೆಲೆಯಿದೆ. ಕವಿಯೊಬ್ಬರು ಹೊಸದಾಗಿ ಕಟ್ಟಿದ ಸಮಾಸದ ಕೆಳಗೂ ಗೆರೆ ಬೀಳುತ್ತದೆ. ನನ್ನ ಮಟ್ಟಿಗೆ ಆ ಬೆಲೆ ತೆರಬಹುದಾದದ್ದು. ಗೆರೆ ಕಂಡ ಕವಿ ಆ ಪದವನ್ನು ತಮ್ಮ ಕೋಶಕ್ಕೆ ಸೇರಿಸಿಕೊಂಡು ಮುಂದೆ ಹೋಗುತ್ತಾರೆ. ಗೆರೆಯೇ ಬೀಳದ ತಪ್ಪು ಅಚ್ಚಾಗುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ತಪ್ಪು ಸಿಕ್ಕ ಮೇಲೆ ಸರಿಯಾದದ್ದನ್ನು ಸೂಚಿಸಬೇಕಲ್ಲ, ಅಲ್ಲಿಯೂ ಪದವನ್ನು ಬಿಡಿಸುವ ಶ್ರಮ ಕೈಹಿಡಿಯುತ್ತದೆ. ತಪ್ಪು ಮೂಲಪದದಲ್ಲಿರಬಹುದು, ಪ್ರತ್ಯಯದಲ್ಲಿರಬಹುದು, ಎರಡೂ ಕೂಡುವಲ್ಲಿರಬಹುದು. ‘ವಿಧ್ಯಾರ್ಥಿಗಳಿಗೂ’ ಎಂಬಲ್ಲಿ ‘ಗಳಿಗೂ’ ಸರಿಯಿದೆ. ಅದನ್ನು ಪಕ್ಕಕ್ಕಿಟ್ಟು ‘ವಿಧ್ಯಾರ್ಥಿ’ಗೆ ಹತ್ತಿರದ ಪದ ಹುಡುಕಿ, ‘ವಿದ್ಯಾರ್ಥಿ’ ಸಿಕ್ಕೊಡನೆ ಪ್ರತ್ಯಯವನ್ನು ಮರಳಿ ಜೋಡಿಸಬೇಕು. ಹತ್ತಿರದ್ದು ಎಂಬುದನ್ನು ಕನ್ನಡಿಗರ ತಪ್ಪುಗಳಿಂದಲೇ ಅಳೆಯಬೇಕು: ದ–ಧ, ಅ–ಹ, ಶ–ಷ–ಸ, ಲ–ಳ, ನ–ಣ, ಹ್ರಸ್ವ–ದೀರ್ಘ ಇವು ಒಂದಕ್ಕೊಂದು ತೀರ ಹತ್ತಿರ, ದ–ಮ ದೂರ. ‘ಊರುವನ್ನು’ ಎಂದಾಗ ಮೂಲಪದವೂ ಸರಿ, ಪ್ರತ್ಯಯವೂ ಸರಿ, ಬೆಸುಗೆ ತಪ್ಪು. ಅಲ್ಲಿ ಅಕ್ಷರ ಬದಲಿಸಿ ಹುಡುಕುವುದಕ್ಕಿಂತ, ಊರಿನ ಗುಂಪಿನ ನಿಯಮದಿಂದ ದ್ವಿತೀಯೆಯನ್ನು ಹೊಸದಾಗಿ ಕಟ್ಟಿ ತೋರಿಸುವುದು ಸುಲಭ.

ಇದೆಲ್ಲಕ್ಕೂ ಮೊದಲು ಪಠ್ಯವನ್ನು ಶುಚಿ ಮಾಡಿಕೊಳ್ಳಬೇಕು. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವವರು ಬಹಳ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತು ಬಾರದಂತೆ ನಡುವೆ ಇಡುವ ಕಾಣದ ಅಕ್ಷರವೂ ಹಾಗೆಯೇ, ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ‘ೋ’ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಬರೆಯಬಹುದು. ಇವನ್ನು ಒಂದೇ ರೂಪಕ್ಕೆ ತಾರದಿದ್ದರೆ ಸರಿಯಾದ ಪದವೂ ಕೆಂಪಾಗಿ, ಬರೆದವರಿಗೆ ಕಾರಣವೇ ತಿಳಿಯುವುದಿಲ್ಲ.

ಪರೀಕ್ಷಕ ಚೆನ್ನಾಗಿದೆಯೇ ಎಂದು ತಿಳಿಯಲು ಎರಡು ರಾಶಿ ಇಟ್ಟುಕೊಳ್ಳಬೇಕು. ಒಂದು, ಕರಡು ತಿದ್ದಿದ ಶುದ್ಧ ಪುಟಗಳು: ಪತ್ರಿಕೆ, ಕಾದಂಬರಿ, ಪಠ್ಯಪುಸ್ತಕ ಎಲ್ಲದರಿಂದ. ಅಲ್ಲಿ ಬಿದ್ದ ಪ್ರತಿ ಗೆರೆಯೂ ಸುಳ್ಳು ಎಚ್ಚರಿಕೆ. ಇನ್ನೊಂದು, ಜನ ನಿಜವಾಗಿ ಮಾಡಿದ ತಪ್ಪುಗಳು. ಅಲ್ಲಿ ಗೆರೆ ಬೀಳದ್ದೆಲ್ಲ ನುಸುಳಿದ ತಪ್ಪು. ಹೊಸ ನಿಯಮವೊಂದನ್ನು ಸೇರಿಸಿದಾಗಲೆಲ್ಲ ಎರಡನ್ನೂ ಓಡಿಸಬೇಕು. ಸುಳ್ಳು ಎಚ್ಚರಿಕೆ ಇಳಿದು ನುಸುಳಿದ ತಪ್ಪುಗಳು ಏರಿದರೆ ಆ ನಿಯಮ ತೀರ ಸಡಿಲ. ಅಂತರಜಾಲದಲ್ಲಿ ಹೆಚ್ಚು ಸಲ ಕಂಡ ಪದವೆಲ್ಲ ಸರಿ ಎಂದು ಕೋಶಕ್ಕೆ ಸುರಿಯುವುದು ಇನ್ನೊಂದು ಅಪಾಯ. ‘ವಿಧ್ಯಾರ್ಥಿ’, ‘ಉಚ್ಛಾರ’ ಅಲ್ಲಿ ಧಾರಾಳವಾಗಿವೆ.

ಒಂದು ಬಗೆಯ ತಪ್ಪು ಈ ಇಡೀ ವ್ಯವಸ್ಥೆಯ ಆಚೆ ಉಳಿಯುತ್ತದೆ. ‘ಹಕ್ಕಿ ಬೇಯಿಸಿ ಗಂಜಿ ಮಾಡಿದರು’ ಎಂದು ಬರೆದರೆ ಎಲ್ಲ ಪದಗಳೂ ಸರಿ. ಅಕ್ಕಿ–ಹಕ್ಕಿಯಂಥ ಜೋಡಿಗಳನ್ನು ಹಿಡಿಯಲು ಅಕ್ಕಪಕ್ಕದ ಪದಗಳನ್ನೂ ನೋಡಬೇಕು. ‘ಗಂಜಿ’, ‘ಸೇರು’, ‘ಬೇಯಿಸು’ ಹತ್ತಿರವಿದ್ದರೆ ಅಕ್ಕಿಯ ಕಡೆಗೆ ವಾಲಬೇಕು. ಅದು ಊಹೆಯೇ ಆದ್ದರಿಂದ ಅಲ್ಲಿ ಕೆಂಪು ಬೇಡ, ಬೇರೆ ಬಣ್ಣದ ಗೆರೆ ಎಳೆದು, ತೀರ್ಮಾನವನ್ನು ಬರೆಯುವವರಿಗೇ ಬಿಡಬೇಕು.