ಬಿಲ್ ನಮೂದಿಸುವ ಕೈ, ಹಣ ಬಿಡುವ ಕೈ

ಕಂಪನಿಯೊಂದು ಪೂರೈಕೆದಾರರಿಗೆ ಹಣ ಕೊಡುವ ಮೊದಲು ಅದರ ಹಣಕಾಸು ಸಾಫ್ಟ್‌ವೇರಿನಲ್ಲಿ ಹಲವು ಕೆಲಸಗಳು ನಡೆದಿರುತ್ತವೆ. ಪೂರೈಕೆದಾರರ ಹೆಸರು, ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ಖಾತೆ ಇವೆಲ್ಲ ವೆಂಡರ್ ಮಾಸ್ಟರ್ ಎಂಬ ಕಡತದಲ್ಲಿ ಮೊದಲೇ ದಾಖಲಾಗಿರುತ್ತವೆ. ಖರೀದಿ ಆದೇಶ ಹೊರಡುತ್ತದೆ, ಸರಕು ಬಂದದ್ದನ್ನು ಉಗ್ರಾಣದವರು ನಮೂದಿಸುತ್ತಾರೆ, ಲೆಕ್ಕ ವಿಭಾಗದವರು ಬಿಲ್ ಹತ್ತಿಸುತ್ತಾರೆ, ಕೊನೆಗೆ ಹಣ ಬಿಡುಗಡೆಯಾಗುತ್ತದೆ. ಇವುಗಳಲ್ಲಿ ಯಾವ ಎರಡು ಕೆಲಸಗಳು ಒಬ್ಬರ ಕೈಯಲ್ಲೇ ಇರಬಾರದು ಎಂದು ತೀರ್ಮಾನಿಸುವುದೇ ಕರ್ತವ್ಯ ವಿಭಜನೆ. ಆ ತೀರ್ಮಾನವನ್ನು ಜಾರಿಗೆ ತರುವ ಸಾಧನ ರೋಲ್.

ರೋಲ್ ಎಂದರೆ ಒಂದು ಹುದ್ದೆಯ ಕೆಲಸಕ್ಕೆ ಬೇಕಾದ ಅನುಮತಿಗಳ ಕಟ್ಟು. ಅಮೆರಿಕದ ನಿಸ್ಟ್ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಇದಕ್ಕೊಂದು ಖಚಿತ ರೂಪ ಕೊಟ್ಟರು. ಅನುಮತಿ ಸೇರುವುದು ರೋಲ್‌ಗೆ, ವ್ಯಕ್ತಿಗೆ ಸಿಗುವುದು ರೋಲ್ ಮಾತ್ರ. ಉದಾಹರಣೆಗೆ, SAP ಸಾಫ್ಟ್‌ವೇರಿನಲ್ಲಿ ಪೂರೈಕೆದಾರರ ವಿವರ ಬದಲಾಯಿಸುವ FK02, ಬಿಲ್ ನಮೂದಿಸುವ FB60, ಪಾವತಿ ನಡೆಸುವ F110 ಇವು ಬೇರೆ ಬೇರೆ ರೋಲ್‌ಗಳಲ್ಲಿ ಇರಬೇಕು.

ಮೂರೂ ಒಬ್ಬ ಗುಮಾಸ್ತನ ಲಾಗಿನ್‌ನಲ್ಲಿವೆ ಎಂದಿಟ್ಟುಕೊಳ್ಳೋಣ. ಅವನು ಎರಡು ವರ್ಷದಿಂದ ವ್ಯವಹಾರವಿಲ್ಲದ ಒಬ್ಬ ಹಳೆಯ ಪೂರೈಕೆದಾರನನ್ನು ಆರಿಸಿಕೊಳ್ಳುತ್ತಾನೆ. ಆ ಪೂರೈಕೆದಾರನಿಗೆ ಬಾಕಿಯೇ ಇಲ್ಲದ್ದರಿಂದ ಅವನು ಫೋನ್ ಮಾಡಿ ವಿಚಾರಿಸುವುದಿಲ್ಲ. ಗುರುವಾರ ಸಂಜೆ ಗುಮಾಸ್ತ ಮಾಸ್ಟರ್‌ನಲ್ಲಿನ ಖಾತೆ ಸಂಖ್ಯೆ ತೆಗೆದು ತನ್ನ ಪರಿಚಯದವರ ಸಂಖ್ಯೆ ಹಾಕುತ್ತಾನೆ. ಯಂತ್ರದ ರಿಪೇರಿ ಎಂದು ₹48,500ಕ್ಕೆ ಬಿಲ್ ನಮೂದಿಸುತ್ತಾನೆ. ರಿಪೇರಿಗೆ ಉಗ್ರಾಣದ ರಸೀದಿ ಬೇಕಿಲ್ಲ. ಮ್ಯಾನೇಜರ್ ಒಪ್ಪಿಗೆ ಬೇಕಾಗುವುದು ₹50,000 ದಾಟಿದರೆ ಮಾತ್ರ. ಶುಕ್ರವಾರದ ಪಾವತಿಯಲ್ಲಿ ಹಣ ಹೋಗುತ್ತದೆ. ನೆಫ್ಟ್‌ನಲ್ಲಿ ಜಮೆ ಆಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ, ಆದ್ದರಿಂದ ಹೆಸರು ಹೊಂದದಿದ್ದರೂ ಅಡ್ಡಿಯಾಗದು. ಸೋಮವಾರ ಹಳೆಯ ಸಂಖ್ಯೆ ಮತ್ತೆ ಬಂದು ಕೂರುತ್ತದೆ. ಬಿಲ್ ಇದೆ, ಪಾವತಿ ಇದೆ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆಯಾಗುತ್ತದೆ. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇಲ್ಲಿ ಕತ್ತರಿಸಬೇಕಾದ ಕೊಂಡಿ ಖಾತೆ ಸಂಖ್ಯೆಯ ಬದಲಾವಣೆ. SAPನಲ್ಲಿ ಆ ಕಲಂ ಅನ್ನು ಸೂಕ್ಷ್ಮವೆಂದು ಗುರುತಿಸಿದರೆ, ಬದಲಾಯಿಸಿದವರಲ್ಲದೆ ಇನ್ನೊಬ್ಬರು FK08 ಮೂಲಕ ಖಚಿತಪಡಿಸುವವರೆಗೂ ಆ ಪೂರೈಕೆದಾರನಿಗೆ ಪಾವತಿ ತಡೆಯಲ್ಲಿರುತ್ತದೆ. ಖಚಿತಪಡಿಸುವವರು ಪೂರೈಕೆದಾರನಿಗೆ ಫೋನ್ ಮಾಡಿ ಕೇಳಬೇಕು. ಅದೂ ಬದಲಾವಣೆ ಕೋರಿದ ಪತ್ರದಲ್ಲಿರುವ ಸಂಖ್ಯೆಗಲ್ಲ, ಮೊದಲಿನಿಂದ ಕಡತದಲ್ಲಿರುವ ಸಂಖ್ಯೆಗೆ. ಸುಮ್ಮನೆ ಬಟನ್ ಒತ್ತಿದರೆ ಎರಡನೇ ವ್ಯಕ್ತಿ ಇದ್ದೂ ಇಲ್ಲದಂತೆ.

ಆಗಿಹೋದ ವಂಚನೆಯ ಜಾಡು ಬದಲಾವಣೆಗಳ ದಾಖಲೆಯಲ್ಲಿ ಉಳಿದಿರುತ್ತದೆ. ಖಾತೆ ಸಂಖ್ಯೆ ಬದಲಾಗಿ ಕೆಲವೇ ದಿನಗಳಲ್ಲಿ ಹಳೆಯದಕ್ಕೆ ಮರಳಿದ್ದು, ನಡುವೆ ಒಂದು ಪಾವತಿ ಆಗಿದ್ದರೆ ಆಡಿಟರ್ ಅಲ್ಲೇ ನಿಲ್ಲಬೇಕು. ಪೂರೈಕೆದಾರರ ಖಾತೆ ಸಂಖ್ಯೆಗಳನ್ನು ನೌಕರರ ಸಂಬಳದ ಖಾತೆಗಳೊಂದಿಗೆ ಹೋಲಿಸುವುದೂ ಫಲ ಕೊಡುತ್ತದೆ.

ಮೂರೂ ಅಧಿಕಾರ ಒಬ್ಬರಿಗೆ ಸಿಗುವುದು ಸಾಮಾನ್ಯವಾಗಿ ಯಾರ ದುರುದ್ದೇಶದಿಂದಲೂ ಅಲ್ಲ. ಬಿಲ್ ವಿಭಾಗದಲ್ಲಿದ್ದವರು ಪಾವತಿ ವಿಭಾಗಕ್ಕೆ ವರ್ಗವಾಗುತ್ತಾರೆ, ಹೊಸ ರೋಲ್ ಸೇರುತ್ತದೆ, ಹಳೆಯದನ್ನು ತೆಗೆಯುವುದು ಮರೆತುಹೋಗುತ್ತದೆ. ಸಹೋದ್ಯೋಗಿಯ ರಜೆಗೆಂದು ಕೊಟ್ಟದ್ದೂ ಹಾಗೇ ಉಳಿಯುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಯಾವ ರೋಲ್‌ನಲ್ಲೂ ತಪ್ಪಿಲ್ಲ, ಕೂಡಿದಾಗ ಅಪಾಯ. ಆದ್ದರಿಂದ ಪರಿಶೀಲನೆಯನ್ನು ರೋಲ್‌ಗಳ ಪಟ್ಟಿ ಹಿಡಿದು ಮಾಡಿದರೆ ಸಾಲದು. ಒಬ್ಬೊಬ್ಬ ವ್ಯಕ್ತಿಯ ಒಟ್ಟು ಅಧಿಕಾರವನ್ನು ನೋಡಬೇಕು. ರಜೆಯ ಅನುಮತಿಗೆ ಕೊಡುವಾಗಲೇ ಕೊನೆಯ ದಿನಾಂಕ ಹಾಕಿಬಿಡಬೇಕು.

ಸಾಫ್ಟ್‌ವೇರಿನ ಒಳಗೆ ಎಷ್ಟೇ ಬಿಗಿ ಇದ್ದರೂ ಹಣ ಬೇರೆ ಬಾಗಿಲಿನಿಂದ ಹೋಗಬಹುದು. 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ ಮುಂಬೈ ಶಾಖೆಯಿಂದ ಸ್ವಿಫ್ಟ್ ಮೂಲಕ ಖಾತರಿ ಸಂದೇಶಗಳು ಹೊರಟಿದ್ದವು, ಬ್ಯಾಂಕಿನ ಮುಖ್ಯ ಲೆಕ್ಕ ವ್ಯವಸ್ಥೆಯಲ್ಲಿ ಅವುಗಳ ನಮೂದೇ ಇರಲಿಲ್ಲ. ಎರಡೂ ಒಂದಕ್ಕೊಂದು ಜೋಡಣೆಯಾಗಿರಲಿಲ್ಲ. ಸಾಧಾರಣ ಕಂಪನಿಗಳಲ್ಲೂ ಇಂಥ ಸಂದು ಇರುತ್ತದೆ: ಪಾವತಿ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಇಳಿಸಿ ಬ್ಯಾಂಕಿನ ಪೋರ್ಟಲ್‌ಗೆ ಏರಿಸುವಾಗ ನಡುವೆ ಅದನ್ನು ತಿದ್ದಬಹುದು. ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಡುವವರು ಒಟ್ಟು ಮೊತ್ತವನ್ನಷ್ಟೇ ಅಲ್ಲ, ಖಾತೆ ಸಂಖ್ಯೆಗಳನ್ನೂ ಮೂಲದೊಂದಿಗೆ ತಾಳೆ ನೋಡಬೇಕಾಗುತ್ತದೆ.

ಲೆಕ್ಕಕ್ಕೆ ಇಬ್ಬರೇ ಇರುವ ಕಚೇರಿಯಲ್ಲಿ ಪೂರ್ತಿ ವಿಭಜನೆ ಸಾಧ್ಯವಿಲ್ಲ. ಅಲ್ಲಿ ಬ್ಯಾಂಕಿನ ಅಂತಿಮ ಒಪ್ಪಿಗೆಯನ್ನು ಮಾಲೀಕರು ಇಟ್ಟುಕೊಂಡು, ಮಾಸ್ಟರ್ ಬದಲಾವಣೆಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ತಾವೇ ಓದುವುದು ದಾರಿ. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಂದಿಗೆ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಬರಬಾರದು ಎಂಬ ನಿಯಮವಿದೆ. ಹೀಗಾಗಿ ಸಣ್ಣ ಕಂಪನಿಯಲ್ಲೂ ಆ ಪಟ್ಟಿ ಸಿಗುತ್ತದೆ. ಆದರೆ ಅದು ತೋರಿಸುವುದು ಲಾಗಿನ್ ಹೆಸರನ್ನು. ಮಾಲೀಕರ ಪಾಸ್‌ವರ್ಡ್ ಗುಮಾಸ್ತನಿಗೂ ಗೊತ್ತಿದ್ದರೆ ಬದಲಾಯಿಸಿದವರು, ಒಪ್ಪಿದವರು ಬೇರೆ ಬೇರೆ ಎಂದೇ ಅದರಲ್ಲಿ ನಮೂದಾಗಿರುತ್ತದೆ.